ಸೋಡಾದಲ್ಲಿ ಕಾರ್ಬೊನೇಟ್ ಎಷ್ಟಿದೆ?

ಒಂದು ಲೀಟರ್ ಸಾದಾ ಸೋಡಾದಲ್ಲಿ ಕಾರ್ಬೊನೇಟ್ ಎಷ್ಟಿರಬಹುದು? ಚಿಟಿಕೆಯಷ್ಟಾದರೂ ಇದ್ದೀತು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬರುವ ಉತ್ತರ ಬೇರೆಯೇ.

ಇಂಗಾಲದ ಡೈಆಕ್ಸೈಡನ್ನು ಒಂದು ವಾಯುಭಾರದ ಒತ್ತಡದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ನೀರಿಗೆ ಹಾಯಿಸಿದರೆ ಲೀಟರಿಗೆ ಸುಮಾರು 0.033 ಮೋಲ್, ಅಂದರೆ ಒಂದೂವರೆ ಗ್ರಾಮಿನ ಆಸುಪಾಸು, ಕರಗುತ್ತದೆ. ಇದರಲ್ಲಿ ಬಹುಪಾಲು ಅನಿಲವಾಗಿಯೇ ಉಳಿಯುತ್ತದೆ. ನೀರಿನೊಡನೆ ಕೂಡಿ ನಿಜವಾದ ಕಾರ್ಬಾನಿಕ್ ಆಮ್ಲವಾಗುವುದು ಬಹಳ ಕಡಿಮೆ. ಎರಡನ್ನೂ ಸೇರಿಸಿ H₂CO₃ ಎಂದೇ ಬರೆಯುವುದು ರಸಾಯನಶಾಸ್ತ್ರದ ರೂಢಿ. ನಾವೂ ಹಾಗೇ ಮಾಡೋಣ.

ಈ ಆಮ್ಲದ ಬಳಿ ಬಿಟ್ಟುಕೊಡಲು ಎರಡು ಹೈಡ್ರೋಜನ್ ಅಯಾನುಗಳಿವೆ. ಎರಡನ್ನೂ ಒಟ್ಟಿಗೆ ಬಿಡುವುದಿಲ್ಲ:

H₂CO₃ ⇌ H⁺ + HCO₃⁻   (K₁ = 4.3 × 10⁻⁷)
HCO₃⁻ ⇌ H⁺ + CO₃²⁻   (K₂ = 4.7 × 10⁻¹¹)

ಎರಡನೆಯ ಸ್ಥಿರಾಂಕ ಮೊದಲನೆಯದಕ್ಕಿಂತ ಸುಮಾರು ಒಂಬತ್ತು ಸಾವಿರ ಪಟ್ಟು ಚಿಕ್ಕದು. ಮೊದಲ ಹೈಡ್ರೋಜನ್ ಹೋದ ಮೇಲೆ ಉಳಿದ ಬೈಕಾರ್ಬೊನೇಟಿನ ಮೈಮೇಲೆ ಋಣ ವಿದ್ಯುದಂಶ ಕೂತಿರುತ್ತದೆ. ಧನ ಅಯಾನನ್ನು ಅದು ಅಷ್ಟು ಸುಲಭವಾಗಿ ಕೈಬಿಡುವುದಿಲ್ಲ.

ಈ ಅಂತರವೇ ಲೆಕ್ಕವನ್ನು ಹಗುರ ಮಾಡುತ್ತದೆ. ಎರಡನೆಯ ಹಂತವನ್ನು ಸದ್ಯಕ್ಕೆ ಮರೆತು, ಮೊದಲ ಹಂತದಲ್ಲಿ x ಮೋಲ್ ಒಡೆಯಿತು ಅನ್ನಿ. ಆಗ ಹೈಡ್ರೋಜನ್ ಅಯಾನೂ x, ಬೈಕಾರ್ಬೊನೇಟೂ x. 0.033ರ ಮುಂದೆ x ಬಲು ಸಣ್ಣದಾದ್ದರಿಂದ x² = 4.3 × 10⁻⁷ × 0.033. ವರ್ಗಮೂಲ ತೆಗೆದರೆ x = 1.19 × 10⁻⁴. ಸಾವಿರದಲ್ಲಿ ನಾಲ್ಕು ಅಣುಗಳೂ ಒಡೆದಿಲ್ಲ. ಆದ್ದರಿಂದ x ಸಣ್ಣದು ಎಂದುಕೊಂಡದ್ದು ಸರಿಯೇ. pH 3.92.

ಪಿಯುಸಿ ಹುಡುಗರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎರಡನೆಯ ಹಂತಕ್ಕೂ ಅದೇ ವರ್ಗಮೂಲದ ದಾರಿ ಹಿಡಿದರೆ ಕಾರ್ಬೊನೇಟ್ 7.5 × 10⁻⁸ ಎಂದು ಬರುತ್ತದೆ. ಈ ಉತ್ತರ ನಿಜಕ್ಕಿಂತ ಸಾವಿರದ ಆರುನೂರು ಪಟ್ಟು ಹೆಚ್ಚು. ಎರಡನೆಯ ಹಂತ ಶುರುವಾಗುವ ಹೊತ್ತಿಗೆ ನೀರಿನಲ್ಲಿ ಹೈಡ್ರೋಜನ್ ಅಯಾನುಗಳು ಆಗಲೇ ಇವೆ, ಮೊದಲ ಹಂತ ಬಿಟ್ಟುಹೋದವು. ಅವನ್ನು ಲೆಕ್ಕಕ್ಕೆ ತರಲೇಬೇಕು. K₂ ಸಮೀಕರಣದಲ್ಲಿ ಮೇಲುಗಡೆ H⁺ ಮತ್ತು CO₃²⁻, ಕೆಳಗೆ HCO₃⁻. ಮೇಲಿನ H⁺ ಮತ್ತು ಕೆಳಗಿನ HCO₃⁻ ಎರಡೂ 1.19 × 10⁻⁴, ಹೊಡೆದುಹೋಗುತ್ತವೆ. ಉಳಿಯುವುದು ಇಷ್ಟೇ: CO₃²⁻ = K₂ = 4.7 × 10⁻¹¹.

ಕರಗಿದ ಪ್ರತಿ ಎಪ್ಪತ್ತು ಕೋಟಿ ಅಣುಗಳಿಗೆ ಒಂದು ಕಾರ್ಬೊನೇಟ್! ನೀರು ತಾನೇ ಒಡೆದು ಕೊಡುವ ಹೈಡ್ರಾಕ್ಸೈಡ್ ಅಯಾನುಗಳೂ ಈ ದ್ರಾವಣದಲ್ಲಿ ಇದಕ್ಕಿಂತ ಹೆಚ್ಚಿವೆ, 8.4 × 10⁻¹¹. ಸೋಡಾ ಅರ್ಧದಷ್ಟು ಸಪ್ಪೆಯಾದರೂ ಕಾರ್ಬೊನೇಟಿನ ಪ್ರಮಾಣ ಅಷ್ಟೇ ಇರುತ್ತದೆ, ಏಕೆಂದರೆ ಕೊನೆಯ ಉತ್ತರದಲ್ಲಿ 0.033 ಎಂಬ ಅಂಕಿಗೆ ಜಾಗವೇ ಇಲ್ಲ. ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದೇ.

ಆದರೆ ಈ ಸೊಗಸಿಗೆ ಒಂದು ಷರತ್ತಿದೆ. ನೀರಿನಲ್ಲಿ ಕಾರ್ಬಾನಿಕ್ ಆಮ್ಲ ಬಿಟ್ಟರೆ ಬೇರೆ ಆಮ್ಲವಾಗಲೀ ಕ್ಷಾರವಾಗಲೀ ಇರಬಾರದು. ಇದ್ದರೆ H⁺ ಮತ್ತು HCO₃⁻ ಸಮನಾಗಿರುವುದಿಲ್ಲ, ಹೊಡೆದುಹಾಕಲೂ ಬರುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಸೋಡಾಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಸುಣ್ಣಕಲ್ಲಿನ ಬಿಳಿ ಪುಡಿ ಕೂರುವುದಿಲ್ಲ. ಅಷ್ಟು ಕಡಿಮೆ ಕಾರ್ಬೊನೇಟಿನೊಂದಿಗೆ ಅದು ಕೂರಬೇಕಾದರೆ ಲೀಟರಿಗೆ ಸುಮಾರು 70 ಮೋಲ್ ಕ್ಯಾಲ್ಸಿಯಂ, ಅಂದರೆ 2.8 ಕಿಲೋ, ಬೇಕು. ಅದು ಆಗದ ಮಾತು. ಅದೇ ಸೋಡಾವನ್ನು ಸುಣ್ಣದ ತಿಳಿನೀರಿಗೆ ಹನಿಸಿದರೆ ತಕ್ಷಣ ಹಾಲಿನ ಬಣ್ಣ ಬರುತ್ತದೆ. ಸುಣ್ಣದ ಕ್ಷಾರ ಹೈಡ್ರೋಜನ್ ಅಯಾನುಗಳನ್ನು ನುಂಗಿಹಾಕುತ್ತದೆ. ಎರಡನೆಯ ಹಂತ ಮುಂದಕ್ಕೆ ಸಾಗಿ ಕಾರ್ಬೊನೇಟ್ ಲಕ್ಷಗಟ್ಟಲೆ ಪಟ್ಟು ಏರುತ್ತದೆ. ಸೋಡಾ ಸುರಿಯುತ್ತಲೇ ಹೋದರೆ ಕ್ಷಾರ ಮುಗಿದು ಆಮ್ಲದ ಕೈ ಮೇಲಾಗುತ್ತದೆ. ಆಗ ಕಾರ್ಬೊನೇಟ್ ಹೈಡ್ರೋಜನ್ ಪಡೆದು ಮತ್ತೆ ಬೈಕಾರ್ಬೊನೇಟ್ ಆಗುತ್ತದೆ, ಬಿಳುಪು ಕರಗಿ ನೀರು ತಿಳಿಯಾಗುತ್ತದೆ.

ಎಲೆಯಡಿಕೆಯ ಸುಣ್ಣ ಮನೆಯಲ್ಲಿದ್ದರೆ ಒಂದಿಷ್ಟನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಸಕ್ಕರೆ, ಉಪ್ಪು, ನಿಂಬೆ ಯಾವುದೂ ಇಲ್ಲದ ಸೋಡಾವನ್ನು ಅದಕ್ಕೆ ಸ್ವಲ್ಪಸ್ವಲ್ಪವೇ ಸೇರಿಸಿ ನೋಡಿ. ತಿಳಿಯಾಗುವ ಹಂತಕ್ಕೆ ಸುಣ್ಣದ ನೀರಿನ ಎರಡು ಮೂರು ಪಟ್ಟು ಸೋಡಾ ಬೇಕಾದೀತು. ಬಾಟಲಿ ಆಗತಾನೇ ತೆರೆದದ್ದಾಗಿರಲಿ, ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.