ಕ್ಯೂಬ್ ಒಡೆಯುವ ದಿನ ನಾನಿರುವುದಿಲ್ಲ

ಬಾಪೂಜಿ ನಗರದಂಥ ಬಡಾವಣೆಯಲ್ಲಿ 30–40ರ ನಿವೇಶನದಲ್ಲಿ ಏಳುವ ಮನೆಗೆ ಸಾಮಾನ್ಯವಾಗಿ ಒಬ್ಬನೇ ಸೈಟ್ ಎಂಜಿನಿಯರ್. ಅವನಿಗೆ ದುಬೈಯಲ್ಲಿ ಕೆಲಸ ಗಟ್ಟಿಯಾಗಿದೆ, ನೇಮಕ ಪತ್ರದ ಪ್ರಕಾರ ಗುತ್ತಿಗೆದಾರರಿಗೆ 30 ದಿನದ ನೋಟಿಸ್ ಕೊಡಬೇಕು ಎಂದುಕೊಳ್ಳೋಣ. ರಾಜೀನಾಮೆಗೆ ನಾಲ್ಕು ಸಾಲು ಸಾಕು ಅನ್ನಿಸುತ್ತದೆ. ಕಾರಣಕ್ಕೆ ನಿಜವಾಗಿಯೂ ಒಂದೇ ಸಾಲು ಸಾಕು. ಹೊಸ ಕಂಪನಿಯ ಹೆಸರು, ಸಂಬಳ ಯಾರಿಗೂ ಬೇಕಿಲ್ಲ. ತೊಡಕಿರುವುದು ಕಾಂಕ್ರೀಟಿನ ಲೆಕ್ಕದಲ್ಲಿ. ಕಾಂಕ್ರೀಟಿನ ಬಲ ಗೊತ್ತಾಗುವುದು 28ನೇ ದಿನ ಕ್ಯೂಬ್ ಒಡೆದಾಗ. ಹಾಗಾಗಿ ಪತ್ರ ಕೊಟ್ಟ ಮೊದಲ ಎರಡು ದಿನ ಬಿಟ್ಟರೆ, ಆಮೇಲೆ ಹಾಕಿದ ಯಾವ ಕಾಂಕ್ರೀಟಿನ ಫಲಿತಾಂಶವೂ ಅವನ ಕಣ್ಣೆದುರು ಬರುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಪತ್ರ ಕೊಟ್ಟದ್ದು ಜೂನ್ 1, ಕೊನೆಯ ದಿನ ಜೂನ್ 30. ಎರಡನೇ ಮಹಡಿಯ ಮೋಲ್ಡ್ ಹಾಕಿದ್ದು ಜೂನ್ 12, ಸುಮಾರು 18 ಘನ ಮೀಟರ್. ಐಎಸ್ 456ರ ಪ್ರಕಾರ ಇಷ್ಟಕ್ಕೆ ಮೂರು ಸ್ಯಾಂಪಲ್ ತೆಗೆಯಬೇಕು, ಒಂದೊಂದಕ್ಕೆ ಮೂರು ಕ್ಯೂಬ್. ಆ ಒಂಬತ್ತು ಕ್ಯೂಬ್ ಒಡೆಯುವುದು ಜುಲೈ 10ಕ್ಕೆ. ಆರು ಮೀಟರಿಗಿಂತ ಉದ್ದದ ತೊಲೆಯಿದ್ದರೆ ಅದರ ಕೆಳಗಿನ ಜಾಕಿ 21 ದಿನ ನಿಲ್ಲಬೇಕು, ಅಂದರೆ ಜುಲೈ 3ರವರೆಗೆ. ಇದೂ ಸಾದಾ ಸಿಮೆಂಟಿನ ಲೆಕ್ಕ. ಮನೆ ಕೆಲಸಕ್ಕೆ ಹೆಚ್ಚಾಗಿ ಬರುವ ಪಿಪಿಸಿ ಸಿಮೆಂಟಾದರೆ ಇನ್ನಷ್ಟು ದಿನ ಬಿಡುವುದು ಕ್ಷೇಮ. ಸೆಂಟ್ರಿಂಗ್‌ನವರಿಗೆ ಬೇರೆ ಸೈಟು ಕಾಯುತ್ತಿರುತ್ತದೆ. ತಡೆಯುವ ಎಂಜಿನಿಯರ್ ಹೊರಟುಹೋದ ಮರುದಿನವೇ ಅವರು ಜಾಕಿಗೆ ಕೈ ಹಾಕಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಪತ್ರದ ಹೊಣೆಯ ಭಾಗ ಹೀಗಿರಲಿ. ಜೂನ್ 1ರಂದೇ ಬರೆಯುವುದರಿಂದ ತಾರೀಖುಗಳು ಯೋಜನೆಯವು. ಮೋಲ್ಡ್ ಮುಂದೆ ಹೋದರೆ ಹಸ್ತಾಂತರ ಪಟ್ಟಿಯಲ್ಲಿ ತಿದ್ದಬೇಕು.

“ಮಾನ್ಯರೇ, ವಿದೇಶದಲ್ಲಿ ಕೆಲಸ ದೊರೆತಿರುವುದರಿಂದ ಜೂನ್ 30ರ ಸಂಜೆ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ. ಎರಡನೇ ಮಹಡಿಯ ಮೋಲ್ಡ್ ಜೂನ್ 12ಕ್ಕೆ ನಿಗದಿಯಾಗಿದೆ. ಅದರ ಉದ್ದನೆಯ ತೊಲೆಯ ಜಾಕಿಯನ್ನು ಜುಲೈ 3ಕ್ಕೆ ಮೊದಲು ಬಿಚ್ಚಬಾರದೆಂದು ಮೇಸ್ತ್ರಿಗೆ ಬರಹದಲ್ಲಿ ತಿಳಿಸಿ ಸಹಿ ಪಡೆಯುತ್ತೇನೆ. ಜುಲೈ 10ಕ್ಕೆ ಒಡೆಯಬೇಕಾದ ಕ್ಯೂಬ್‌ಗಳನ್ನು, ಯಾವುದು ಮೋಲ್ಡಿನ ಯಾವ ಭಾಗದ್ದೆಂಬ ನಕ್ಷೆಯ ಸಮೇತ, ತಾವು ನೇಮಿಸುವವರಿಗೆ ಒಪ್ಪಿಸುತ್ತೇನೆ. ಹಸ್ತಾಂತರಕ್ಕೆ ಅವರನ್ನು ಜೂನ್ 20ರೊಳಗೆ ಸೈಟಿಗೆ ಕಳುಹಿಸಿಕೊಡಬೇಕಾಗಿ ವಿನಂತಿ.”

ಆ ನಕ್ಷೆ ಯಾಕೆಂದರೆ, ಕ್ಯೂಬ್ ಫೇಲಾದಾಗ ಮೊದಲು ಏಳುವ ಪ್ರಶ್ನೆಯೇ ‘ಇದು ಯಾವ ಜಾಗದ ಕಾಂಕ್ರೀಟು?’ ಎಂಬುದು. ಜಾಗ ಗೊತ್ತಿದ್ದರೆ ಅಲ್ಲಿ ಮಾತ್ರ ಕೋರ್ ತೆಗೆದು ಪರೀಕ್ಷಿಸಬಹುದು. ಗೊತ್ತಿಲ್ಲದಿದ್ದರೆ ಇಡೀ ಮೋಲ್ಡಿನ ಮೇಲೆ ಅನುಮಾನ. ಕ್ಯೂಬಿನ ಮೇಲೆ ತಾರೀಖು ಮಾತ್ರ ಬರೆದು ತೊಟ್ಟಿಗೆ ಹಾಕಿಟ್ಟದ್ದು ಕಂಡರೆ ಹಸ್ತಾಂತರ ಅರ್ಧಕ್ಕೇ ನಿಂತಿದೆ ಎಂದೇ ತಿಳಿಯಬೇಕು.

ಕಂಬಿಯ ಲೆಕ್ಕವನ್ನು ಕೊನೆಯ ವಾರಕ್ಕೆ ಬಿಡಬಾರದು. ಬಂದದ್ದು 9,400 ಕೆ.ಜಿ., ಕಂಬಿಪಟ್ಟಿಯ ಪ್ರಕಾರ ಕಟ್ಟಿದ್ದು 8,650, ಇಡೀ ಕಂಬಿ ಉಳಿದದ್ದು 510, ತುಂಡು 200 ಅಂತಿಟ್ಟುಕೊಳ್ಳಿ. ಕೂಡಿದರೆ 9,360. ನಲವತ್ತು ಕೆ.ಜಿ. ಎಲ್ಲಿ? ಕಳವೇ ಆಗಬೇಕೆಂದಿಲ್ಲ. ಪಟ್ಟಿಯಲ್ಲಿ ತೂಕ ಹಾಕುವುದು ಮಿಲಿಮೀಟರಿನ ವರ್ಗವನ್ನು 162ರಿಂದ ಭಾಗಿಸುವ ಸೂತ್ರದಿಂದ: 12 ಮಿ.ಮೀ. ಕಂಬಿಗೆ ಮೀಟರಿಗೆ ಸುಮಾರು 0.89 ಕೆ.ಜಿ. ಕಾರ್ಖಾನೆಯ ಕಂಬಿ ಇದಕ್ಕಿಂತ ತುಸು ಭಾರ ಬರಬಹುದು, ಹಗುರವೂ ಬರಬಹುದು. ಈ ಅಳತೆಗೆ ಶೇ. 5ರವರೆಗೆ ಹೆಚ್ಚುಕಡಿಮೆಯನ್ನು ಐಎಸ್ 1786 ಒಪ್ಪುತ್ತದೆ. ಭಾರ ಬಂದಿದ್ದರೆ ಪಟ್ಟಿಯಲ್ಲಿ ಮಾಲು ಕಡಿಮೆಯಾದಂತೆ ಕಾಣುತ್ತದೆ. ಲೋಡು ಇಳಿದಾಗಲೇ ಒಂದೊಂದು ಅಳತೆಯ ಒಂದು ಮೀಟರ್ ತುಂಡು ತೂಗಿ ಬರೆದಿಟ್ಟಿದ್ದರೆ ಈ ವ್ಯತ್ಯಾಸಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೂ ನಲವತ್ತು ಕೆ.ಜಿ.ಯನ್ನು ಮುಚ್ಚಿಡದೆ ಹಸ್ತಾಂತರ ಪಟ್ಟಿಯಲ್ಲಿ ಕಾಣಿಸಿ ಇಬ್ಬರ ಸಹಿಯೂ ಬೀಳಬೇಕು. ವಿಮಾನ ಹತ್ತಿದವನ ಮೇಲೆ ಕೊರತೆ ಹೊರಿಸುವುದು ಸುಲಭ, ಅವನು ಅಲ್ಲಿಂದ ಬಂದು ತೂಗಲಾರ.

ಪಕ್ಕದ ಮನೆಯ ಗೋಡೆ ಕೈಗೆಟಕುವಷ್ಟು ಹತ್ತಿರವಿರುವ ಗಲ್ಲಿಗಳಲ್ಲಿ ಪಾಯ ತೋಡುವ ಮುಂಚೆ ಆ ಗೋಡೆಯ ಬಿರುಕುಗಳ ಫೋಟೊ ತೆಗೆದಿರುತ್ತಾರೆ. ಅದು ಇರುವುದು ಎಂಜಿನಿಯರ್ ಫೋನಿನಲ್ಲಿ. ಮೋಲ್ಡಿನೊಳಗೆ ಹೋದ ಕರೆಂಟು ಪೈಪಿನ ಫೋಟೊವೂ ಅಲ್ಲೇ. ಇವನ್ನು ತಾರೀಖಿನ ಸಮೇತ ಕಚೇರಿಗೆ ಕೊಡುತ್ತೇನೆಂದು ಪತ್ರದಲ್ಲೇ ಒಂದು ಸಾಲು ಇರಲಿ.

‘ಯಾವಾಗ ಬೇಕಾದರೂ ಕರೆ ಮಾಡಿ’ ಎಂಬ ಮಾತು ಮಾತ್ರ ಬೇಡ. ಹೊಸ ಕೆಲಸದಲ್ಲಿ ಅದು ನಡೆಯುವುದಿಲ್ಲ. ‘ಜುಲೈ 15ರವರೆಗೆ ನಮ್ಮ ಸಮಯ ರಾತ್ರಿ 9ರಿಂದ 10 ಫೋನಿಗೆ ಸಿಗುತ್ತೇನೆ’ ಎಂದರೆ ಸಾಕು; ದುಬೈಯಲ್ಲಿ ಆಗ ಗಂಟೆ ಏಳೂವರೆ. ಮಾಹಿತಿ ಕೊಡಬಹುದು, ಸಹಿ ಹಾಕುವಂತಿಲ್ಲ. ಜುಲೈ 10ರ ಕ್ಯೂಬ್ ವರದಿಗೂ ಆ ತಿಂಗಳ ಬಿಲ್ಲಿಗೂ ಸಹಿ ಹೊಸಬರದೇ. ಅದನ್ನು ಪತ್ರದಲ್ಲಿ ಬಿಡಿಸಿ ಬರೆದರೆ, ಖಾಲಿ ಹಾಳೆಗೆ ಮೊದಲೇ ಸಹಿ ಮಾಡಿಟ್ಟು ಹೋಗಿ ಎಂದು ಕೇಳುವವರಿಗೆ ಆ ಸಾಲನ್ನೇ ತೋರಿಸಬಹುದು.