ಎಡಗಡೆ ಕಿಬ್ಬೊಟ್ಟೆ ನೋವು: ಆಂಟಿಬಯಾಟಿಕ್ ಬೇಕೇ ಬೇಕಾ?

58 ವರ್ಷದವರೊಬ್ಬರು ಅಂದುಕೊಳ್ಳಿ. ಎರಡು ದಿನದಿಂದ ಎಡಗಡೆ ಕಿಬ್ಬೊಟ್ಟೆಯಲ್ಲಿ ಬಿಡದ ನೋವು, ಒತ್ತಿದರೆ ಇನ್ನೂ ಜಾಸ್ತಿ. ಮೈ ಬೆಚ್ಚಗಿದೆ, ಮಲಬದ್ಧತೆ ಇದೆ. ಗ್ಯಾಸ್ ಇರಬೇಕೆಂದು ಮಾತ್ರೆ ನುಂಗಿದರೂ ನೋವು ಇಳಿಯಲಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಕಂಡದ್ದು ಡೈವರ್ಟಿಕ್ಯುಲೈಟಿಸ್.

ವಯಸ್ಸಾದಂತೆ ದೊಡ್ಡ ಕರುಳಿನ ಗೋಡೆ ಅಲ್ಲಲ್ಲಿ ಹೊರಗೆ ಉಬ್ಬಿ ಪುಟ್ಟ ಚೀಲಗಳಾಗುತ್ತವೆ. ಬಹುಪಾಲು ಜನರಿಗೆ ಅವು ಇರುವುದೇ ಗೊತ್ತಾಗುವುದಿಲ್ಲ. ಅಲ್ಲಿ ಉರಿಯೂತವಾದಾಗಲೇ ಈ ನೋವು. ಏಷ್ಯಾದವರಲ್ಲಿ ಬಲಗಡೆಯೂ ಬರುವುದುಂಟು, ಆಗ ಅಪೆಂಡಿಸೈಟಿಸ್ ಎಂದೇ ಅನಿಸುತ್ತದೆ.

ಇವರಿಗೆ ಸ್ಕ್ಯಾನ್‌ನಲ್ಲಿ ಕೀವು ಇಲ್ಲ, ಕರುಳು ತೂತಾಗಿಲ್ಲ, ನೀರು ಕುಡಿದರೆ ವಾಂತಿಯಾಗುತ್ತಿಲ್ಲ, ಬೇರೆ ದೊಡ್ಡ ಕಾಯಿಲೆಯೂ ಇಲ್ಲ. ಇಂಥವರು ಆಂಟಿಬಯಾಟಿಕ್ ಇಲ್ಲದೆಯೂ ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ಸ್ವೀಡನ್ ಮತ್ತು ನೆದರ್‌ಲೆಂಡ್ಸ್‌ನ ಅಧ್ಯಯನಗಳು ತೋರಿಸಿವೆ. ನೋವಿಗೆ ಪ್ಯಾರಸಿಟಮಾಲ್, ಕೆಲವು ದಿನ ಗಂಜಿ, ತಿಳಿಸಾರು, ಜೊತೆಗೆ ವೈದ್ಯರ ನಿಗಾ ಸಾಕು. ಐಬುಪ್ರೊಫೆನ್ ಬೇಡ.

ಆದರೆ ಕೀವುಗಟ್ಟಿದ್ದರೆ, ಜೋರು ಜ್ವರವಿದ್ದರೆ, ವಾಂತಿ ನಿಲ್ಲದಿದ್ದರೆ, ಸ್ಟೆರಾಯ್ಡ್ ಅಥವಾ ಕ್ಯಾನ್ಸರ್ ಔಷಧಿ ನಡೆಯುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಆಂಟಿಬಯಾಟಿಕ್ ಬೇಕೇ ಬೇಕು.

ನೋವು ಇಳಿದ ಮೇಲೆ ನಾರಿನಂಶವನ್ನು ನಿಧಾನವಾಗಿ ಹೆಚ್ಚಿಸಿ. ಮೊದಲು ಬೇಯಿಸಿದ ತರಕಾರಿ, ಆಮೇಲೆ ಸೊಪ್ಪು, ರಾಗಿ, ಕಾಳು. ಜೊತೆಗೆ ನೀರು ಚೆನ್ನಾಗಿ ಕುಡಿಯಿರಿ. ಒಮ್ಮೆಲೇ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಕಡಲೆಕಾಯಿ, ಸೀಬೆಹಣ್ಣಿನ ಬೀಜ ಬಿಡಬೇಕೆಂಬುದು ಹಳೆಯ ನಂಬಿಕೆ, ಅದಕ್ಕೆ ಆಧಾರ ಸಿಕ್ಕಿಲ್ಲ.

ಇತ್ತೀಚೆಗೆ ಕೊಲೊನೋಸ್ಕೋಪಿ ಮಾಡಿಸಿರದಿದ್ದರೆ, ಆರರಿಂದ ಎಂಟು ವಾರದ ನಂತರ ಅದು ಬೇಕೇ ಎಂದು ವೈದ್ಯರನ್ನು ಕೇಳಿ. ಕರುಳಿನ ಕ್ಯಾನ್ಸರ್ ಕೂಡ ಕೆಲವೊಮ್ಮೆ ಸ್ಕ್ಯಾನ್‌ನಲ್ಲಿ ಹೀಗೆಯೇ ಕಾಣುತ್ತದೆ.