ಮಲ್ಲಿಗೆ ಕುಂಡದ ಜೊತೆ ಕೊಡುವ ಚೀಟಿ

ಗೃಹಪ್ರವೇಶಕ್ಕೆ ಹೂಗುಚ್ಛ ಬಿಟ್ಟು ಕುಂಡದಲ್ಲಿ ಗಿಡ ಒಯ್ಯುವವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ಈಗ ಬಹಳ ಜನ. ಅದರಲ್ಲೂ ದುಂಡುಮಲ್ಲಿಗೆ ಎಂದರೆ ಬೇಡ ಅನ್ನುವ ಮನೆಯಿಲ್ಲ. ಕೊಡುವ ದಿನ ಗಿಡದ ತುಂಬಾ ಮೊಗ್ಗಿರುತ್ತದೆ, ಎಂಟು ತಿಂಗಳ ನಂತರ ಆ ಮನೆಗೆ ಮತ್ತೆ ಹೋದಾಗ ಮೂಲೆಯಲ್ಲಿ ಬರೀ ಕುಂಡ ಕಾಣುತ್ತದೆ. ಗಿಡದ ಜೊತೆ ಒಂದು ಚೀಟಿ ಕೊಟ್ಟಿದ್ದರೆ ಇದನ್ನು ತಪ್ಪಿಸಬಹುದಿತ್ತು. ಆದರೆ ‘ಬಿಸಿಲಲ್ಲಿಡಿ, ವಾರಕ್ಕೆರಡು ಸಲ ನೀರು ಹಾಕಿ’ ಎಂದು ಬರೆದ ಚೀಟಿಯಿಂದ ಪ್ರಯೋಜನವಿಲ್ಲ. ವಾರಕ್ಕೆರಡೇ ಸಲ ನೀರು ಕಂಡರೆ ಏಪ್ರಿಲ್‌ನಲ್ಲಿ ತಾರಸಿಯ ಮೇಲಿನ ಮಲ್ಲಿಗೆ ಒಣಗುತ್ತದೆ. ಮಳೆ ಹಿಡಿದ ಆಗಸ್ಟ್‌ನಲ್ಲಿ ಅಷ್ಟೇ ನೀರಿಗೆ ಬೇರು ಕೊಳೆಯುತ್ತದೆ. ಚೀಟಿಯನ್ನು ಗಿಡ ನೋಡಿ ಬರೆಯುವುದಲ್ಲ, ಅದು ಹೋಗುವ ಮನೆ ನೋಡಿ ಬರೆಯಬೇಕು.

ಹಾಗಾಗಿ ಬರೆಯುವ ಮೊದಲು ಮನೆಯವರನ್ನು ಕೇಳಿ ತಿಳಿಯಬೇಕಾದ್ದು ಎರಡು: ಕುಂಡ ಇಡುವ ಜಾಗ ಯಾವ ದಿಕ್ಕಿಗಿದೆ, ಗಿಡಕ್ಕೆ ಹಾಕುವ ನೀರು ಎಲ್ಲಿಯದು. ಈ ಸೀಮೆಯಲ್ಲಿ ಮೂರನೆಯದೊಂದೂ ಉಂಟು: ಮನೆಯಲ್ಲೋ ಪಕ್ಕದಲ್ಲೋ ರೇಷ್ಮೆ ಹುಳು ಸಾಕುತ್ತಾರೆಯೇ? ಅದಕ್ಕೆ ಕಾರಣ ಮುಂದೆ ಬರುತ್ತದೆ.

ಬಿಸಿಲಿನ ವಿಷಯ ಮೊದಲು. ಮಲ್ಲಿಗೆಗೆ ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೇಕು. ಬೆಳಕಿದ್ದು ಬಿಸಿಲಿಲ್ಲದ ಜಾಗದಲ್ಲಿ ಗಿಡ ಸಾಯುವುದಿಲ್ಲ, ಬಳ್ಳಿಯಂತೆ ಉದ್ದುದ್ದ ಬೆಳೆದು ಹಸಿರಾಗಿಯೇ ಇರುತ್ತದೆ, ಮೊಗ್ಗು ಮಾತ್ರ ಬಿಡುವುದಿಲ್ಲ. ಬಾಲ್ಕನಿ ದಕ್ಷಿಣಕ್ಕಿದ್ದರೆ ಬಿಸಿಲು ಚೆನ್ನಾಗಿ ಬರುತ್ತದೆ ಎಂಬುದು ಎಲ್ಲರ ಲೆಕ್ಕ. ಡಿಸೆಂಬರ್, ಜನವರಿಯಲ್ಲಿ ಅದು ನಿಜ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬಿಸಿಲು ಓರೆಯಾಗಿ ಒಳಗಿನವರೆಗೂ ಬೀಳುತ್ತದೆ. ಆದರೆ ಮಲ್ಲಿಗೆ ಹೂ ಬಿಡುವ ಕಾಲ ಮಾರ್ಚ್‌ನಿಂದ ಜೂನ್. ರಾಮನಗರ ಇರುವ ಅಕ್ಷಾಂಶದಲ್ಲಿ ಆ ತಿಂಗಳುಗಳಲ್ಲಿ ನಡುಹಗಲ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲೆಯೇ, ಏಪ್ರಿಲ್ ಕೊನೆಯ ಮೇಲೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಮೇಲೆ ಎರಡಡಿ ಸಜ್ಜ ಇದ್ದರೂ ಸಾಕು, ದಕ್ಷಿಣದ ಬಾಲ್ಕನಿ ಪೂರ್ತಿ ನೆರಳಾಗುತ್ತದೆ. ಉತ್ತರದ ಬಾಲ್ಕನಿಯನ್ನೂ ಅದೇ ಸಜ್ಜ ಕಾಡುತ್ತದೆ. ಹೀಗಾಗಿ ತೆರೆದ ತಾರಸಿ ಎಲ್ಲಕ್ಕಿಂತ ಒಳ್ಳೆಯದು, ಅದಿಲ್ಲದಿದ್ದರೆ ಬೆಳಗಿನ ಬಿಸಿಲು ಮಧ್ಯಾಹ್ನದವರೆಗೆ ಸಿಗುವ ಪೂರ್ವದ ಕಡೆ. ಪಶ್ಚಿಮವೂ ಆಗುತ್ತದೆ, ಆದರೆ ಬೇಸಿಗೆಯ ಸಂಜೆ ಬಿಸಿಲಿಗೆ ಕುಂಡವೇ ಕಾದು ಬೇರಿಗೆ ಬಿಸಿ ತಟ್ಟುವುದರಿಂದ ಕುಂಡದ ಮೈಗೆ ಗೋಣಿಚೀಲ ಸುತ್ತಬೇಕು.

ನರ್ಸರಿಯಲ್ಲಿ ಗಿಡ ಬೆಳೆದದ್ದು ಸಾಮಾನ್ಯವಾಗಿ ಹಸಿರು ನೆರಳು ಬಲೆಯ ಕೆಳಗೆ. ತಂದ ದಿನವೇ ಏಪ್ರಿಲ್ ಬಿಸಿಲಿಗೆ ಇಟ್ಟರೆ ಎಲೆಯ ಮೇಲೆ ಬಿಳಿಚಿದ, ಆಮೇಲೆ ಕಂದುವ ಕಲೆಗಳು ಏಳುತ್ತವೆ. ಅದು ರೋಗವಲ್ಲ, ಸುಟ್ಟ ಗಾಯ. ಮೊದಲ ವಾರ ಬೆಳಗಿನ ಎರಡು ಗಂಟೆ ಬಿಸಿಲು ಕೊಟ್ಟು, ದಿನದಿನಕ್ಕೆ ಹೆಚ್ಚಿಸುತ್ತಾ ಹೋದರೆ ಹೊಸ ಎಲೆ ಆ ಬಿಸಿಲಿಗೆ ಒಗ್ಗಿಯೇ ಹುಟ್ಟುತ್ತದೆ.

ನೀರಿಗೆ ದಿನದ ಲೆಕ್ಕ ಬರೆಯಬೇಡಿ, ಪರೀಕ್ಷೆ ಬರೆಯಿರಿ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ತುದಿಗೆ ತಂಪು ತಾಗಿದರೆ ಇವತ್ತು ನೀರು ಬೇಡ, ಒಣಗಿದ್ದರೆ ಹಾಕಬೇಕು. ಹಾಕುವಾಗ ತಳದ ತೂತಿನಿಂದ ನೀರು ಬರುವವರೆಗೆ ಹಾಕಬೇಕು. ಹತ್ತು ಇಂಚಿನ ಕುಂಡಕ್ಕೆ ಒಂದರಿಂದ ಒಂದೂವರೆ ಚೊಂಬು ಹಿಡಿಯುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಈ ಪರೀಕ್ಷೆಯ ಪ್ರಕಾರ ನಡೆದರೆ ಬೇಸಿಗೆಯಲ್ಲಿ ತಾರಸಿಯ ಗಿಡ ದಿನಾ ಬೆಳಿಗ್ಗೆ ನೀರು ಕೇಳುತ್ತದೆ, ಮಳೆಗಾಲದಲ್ಲಿ ವಾರಗಟ್ಟಲೆ ಕೇಳದೆಯೂ ಇರಬಹುದು.

ಇಲ್ಲೊಂದು ಮೋಸ ಇದೆ. ನರ್ಸರಿ ಚೀಲದ ಕೆಮ್ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಬೇರಿನ ಸುತ್ತ ಇಟ್ಟಿಗೆಯಂತೆ ಗಟ್ಟಿಯಾಗಿ ಕುಗ್ಗುತ್ತದೆ, ಮಣ್ಣಿಗೂ ಕುಂಡದ ಗೋಡೆಗೂ ನಡುವೆ ಸಂದು ಬೀಳುತ್ತದೆ. ಆಮೇಲೆ ಹಾಕಿದ ನೀರೆಲ್ಲ ಆ ಸಂದಿನಲ್ಲಿ ಜಾರಿ ಕ್ಷಣದಲ್ಲಿ ತಳದಿಂದ ಹೊರಬರುತ್ತದೆ. ನೀರು ಬಂತು, ಸಾಕು ಎಂದುಕೊಳ್ಳುತ್ತೇವೆ, ಒಳಗಿನ ಬೇರು ಬಾಯಾರಿಯೇ ಇರುತ್ತದೆ. ಸುರಿದ ಕೂಡಲೇ ನೀರು ಕೆಳಗೆ ಬಂದು, ಕುಂಡ ಎತ್ತಿದರೆ ಹಗುರವಾಗಿಯೇ ಇದ್ದರೆ ಇದೇ ಆಗಿದೆ ಎಂದರ್ಥ. ಆಗ ಕುಂಡದ ಅರ್ಧದಷ್ಟು ಮುಳುಗುವಂತೆ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತೆಗೆದು, ಬಸಿಯಲು ಬಿಡಬೇಕು. ಸಂದನ್ನು ಹೊಸ ಮಣ್ಣು, ಗೊಬ್ಬರದಿಂದ ತುಂಬಬೇಕು.

ಇನ್ನು ನೀರಿನ ಮೂಲ. ಬಯಲುಸೀಮೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಕುಂಡದ ಅಂಚಿಗೂ ಕಟ್ಟುತ್ತದೆ. ತಿಂಗಳುಗಟ್ಟಲೆ ಇದೇ ನೀರು ಬಿದ್ದರೆ ಮಣ್ಣು ಕ್ಷಾರವಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಮಲ್ಲಿಗೆಯಲ್ಲಿ ಇದು ಬೇಗ ಗೊತ್ತಾಗುತ್ತದೆ: ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಗಳಾಗಿ ಉಳಿಯುತ್ತವೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು ಲೀಟರ್ ನೀರಿಗೆ ಐದು ಗ್ರಾಂನಂತೆ ಕರಗಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹಳದಿ ಹೋಗುವವರೆಗೆ ತಿಂಗಳಿಗೊಮ್ಮೆ ಮುಂದುವರಿಸಬೇಕು. ಮಳೆ ನೀರು ಹಿಡಿದಿಟ್ಟು ಆಗಾಗ ಕೊಟ್ಟರೆ ಕಾಯಿಲೆಯ ಮೂಲವೇ ಸಡಿಲವಾಗುತ್ತದೆ. ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ವ್ಯರ್ಥ ಮಾಡಬಾರದೆಂದು ಕುಂಡಕ್ಕೆ ಸುರಿಯುವವರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ಬೇರ್ಪಡಿಸಿದ ಲವಣವೆಲ್ಲ ಆ ನೀರಿನಲ್ಲಿಯೇ ಇರುತ್ತದೆ. ಅದನ್ನು ನೆಲ ಒರೆಸಲು ಬಳಸಲಿ, ಮಲ್ಲಿಗೆಗೆ ಬೇಡ.

ಹುಷಾರಾಗಬೇಕಾದ ಲಕ್ಷಣಗಳಲ್ಲಿ ಎಲ್ಲಕ್ಕಿಂತ ಮುಖ್ಯ ಒಂದೇ: ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದಿರುವುದು. ಬಾಡಿದ ಎಲೆ ಕಂಡ ತಕ್ಷಣ ಚೊಂಬು ಹಿಡಿಯುವುದು ಎಲ್ಲರ ಅಭ್ಯಾಸ. ಬೇರು ಗಾಳಿಯಿಲ್ಲದೆ ಕೊಳೆಯುತ್ತಿರುವಾಗಲೂ ಗಿಡ ಹಾಗೆಯೇ ಬಾಡುತ್ತದೆ, ಏಕೆಂದರೆ ಕೊಳೆತ ಬೇರು ನೀರು ಎಳೆಯಲಾರದು. ಮಣ್ಣಿಗೆ ಮುಗ್ಗಲು ವಾಸನೆ ಬಂದಿದ್ದರೆ ಅನುಮಾನವೇ ಬೇಡ. ನೀರು ನಿಲ್ಲಿಸಿ, ತಳದ ತೂತು ಮುಚ್ಚಿದೆಯೇ ನೋಡಿ, ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಬೇಕು.

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ತೂತು ಬಿದ್ದು, ಎರಡು ಮೂರು ಮೊಗ್ಗು ನೂಲಿನಿಂದ ಅಂಟಿಕೊಂಡಿದ್ದರೆ ಒಳಗೆ ಮೊಗ್ಗು ಕೊರೆಯುವ ಹುಳು ಇದೆ. ಒಂದು ಕುಂಡದ ಗಿಡಕ್ಕೆ ಔಷಧಿ ಬೇಕಿಲ್ಲ. ಅಂಥ ಮೊಗ್ಗುಗಳನ್ನು ಕಿತ್ತು ಸೋಪಿನ ನೀರಿಗೆ ಹಾಕಿದರೆ ಆಯಿತು. ಬಿರುಬೇಸಿಗೆಯಲ್ಲಿ ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕಿ, ಕೆಳಗೆ ತೆಳು ಬಲೆ ಕಂಡರೆ ಅದು ನುಸಿ. ಎಲೆಯ ಅಡಿಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಹೊಡೆದು ತೊಳೆದರೆ, ಎರಡು ದಿನಕ್ಕೊಮ್ಮೆ ಹಾಗೆ ಮಾಡಿದರೆ, ಹತೋಟಿಗೆ ಬರುತ್ತದೆ.

ಔಷಧಿ ಬೇಡ ಎಂದು ಒತ್ತಿ ಹೇಳಲು ಇಲ್ಲಿ ಬೇರೆಯೇ ಕಾರಣವಿದೆ. ಬೇರೆ ಊರಿನ ಚೀಟಿಯಲ್ಲಿ ‘ಬೇವಿನೆಣ್ಣೆ ಸಿಂಪಡಿಸಿ’ ಎಂದು ನಿಶ್ಚಿಂತೆಯಿಂದ ಬರೆಯಬಹುದು. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಒಯ್ಯುವ ಮನೆಗೆ ಅದನ್ನು ಬರೆದುಕೊಡಬಾರದು. ರೇಷ್ಮೆ ಹುಳುವೂ ಒಂದು ಪತಂಗದ ಮರಿಹುಳುವೇ. ಮಲ್ಲಿಗೆಯ ಹುಳುವನ್ನು ಕೊಲ್ಲುವುದು ಅದನ್ನೂ ಕೊಲ್ಲುತ್ತದೆ. ಬೇವಿನ ಅಂಶ ತಗುಲಿದ ಹಿಪ್ಪುನೇರಳೆ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ, ತಿಂದರೂ ಪೊರೆ ಕಳಚಲು ಒದ್ದಾಡುತ್ತದೆ. ಮನೆಮದ್ದೆಂದು ಹೇಳುವ ಹೊಗೆಸೊಪ್ಪಿನ ಕಷಾಯ ಇನ್ನೂ ಕೆಟ್ಟದ್ದು, ನಿಕೋಟಿನ್‌ಗೆ ಹುಳು ತಡೆಯುವುದೇ ಇಲ್ಲ. ಜಗಲಿಯ ಮೇಲೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಸೊಪ್ಪಿನ ಕೋಣೆಗೆ ಹೋದರೆ, ಅಥವಾ ಔಷಧಿ ಮುಟ್ಟಿದ ಕೈಯಲ್ಲೇ ಸೊಪ್ಪು ಹಾಕಿದರೆ, ಒಂದು ಬೆಳೆಯೇ ಹೋಗಬಹುದು.

ಕನಕಪುರ ತಾಲ್ಲೂಕಿನ ಹಳ್ಳಿಯೊಂದರ ಹೊಸ ಮನೆ ಎಂದಿಟ್ಟುಕೊಳ್ಳಿ. ಪೂರ್ವಕ್ಕೆ ಜಗಲಿ, ಬೋರ್‌ವೆಲ್ ನೀರು, ಹಿಂದುಗಡೆ ಹುಳು ಸಾಕುವ ಮನೆ. ಜೂನ್‌ನಲ್ಲಿ ಗೃಹಪ್ರವೇಶ. ಅವರಿಗೆ ಕೊಡುವ ಚೀಟಿ ಹೀಗಿರಬಹುದು:

“ದುಂಡುಮಲ್ಲಿಗೆ. ಮುಂದಿನ ಜಗಲಿಯ ಮೆಟ್ಟಿಲ ಪಕ್ಕ, ಸಜ್ಜದಿಂದ ಹೊರಗೆ ಇಡಿ. ಮೊದಲ ವಾರ ಬೆಳಿಗ್ಗೆ ಮಾತ್ರ ಬಿಸಿಲು ಸಾಕು.

ಬೆರಳಿಟ್ಟು ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು, ತಳದಿಂದ ಬರುವಷ್ಟು. ಮಳೆ ನೀರು ಸಿಕ್ಕಾಗ ಅದನ್ನೇ ಹಾಕಿ.

ಮಣ್ಣು ಒದ್ದೆಯಿದ್ದು ಎಲೆ ಬಾಡಿದರೆ ನೀರು ನಿಲ್ಲಿಸಿ. ಎಳೆ ಎಲೆ ಹಳದಿ, ನರ ಹಸಿರು ಆದರೆ ಅನ್ನಭೇದಿ, ಲೀಟರಿಗೆ ಐದು ಗ್ರಾಂ. ತೂತಾದ ಮೊಗ್ಗು ಕಿತ್ತುಹಾಕಿ. ಬೇವಿನೆಣ್ಣೆ, ಹೊಗೆಸೊಪ್ಪು, ಅಂಗಡಿ ಔಷಧಿ ಯಾವುದೂ ಬೇಡ, ಹಿಂದೆ ಹುಳು ಇದೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹೂ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಗಿಡ ಸತ್ತಿಲ್ಲ. ಡಿಸೆಂಬರ್ ಮೊದಲಲ್ಲಿ ಮಣ್ಣಿನಿಂದ ಒಂದೂವರೆ ಅಡಿ ಬಿಟ್ಟು ಮೇಲಿನದನ್ನು ಕತ್ತರಿಸಿ, ಎಲೆ ಉದುರಿಸಿ, ಎರಡು ಹಿಡಿ ಎರೆಗೊಬ್ಬರ ಹಾಕಿ, ಚಿಗುರುವವರೆಗೆ ನೀರು ಕಡಿಮೆ ಮಾಡಿ.”

ಕೊನೆಯ ಭಾಗವನ್ನು ಬಿಡಬೇಡಿ. ಚಳಿಗಾಲದಲ್ಲಿ ಹೂ ನಿಂತದ್ದನ್ನು ಕಂಡು ಗಿಡ ಹೋಯಿತೆಂದು ಮೂಲೆಗೆ ತಳ್ಳುವವರು ಬಹಳ. ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವುದರಿಂದ, ಕತ್ತರಿಸದೆ ಬಿಟ್ಟ ಗಿಡದಲ್ಲಿ ಮಾರ್ಚ್ ಬಂದರೂ ಹೂ ವಿರಳ.

ಚನ್ನಪಟ್ಟಣ ಪೇಟೆಯ ಮಹಡಿ ಮನೆಗಾದರೆ ಇದೇ ಚೀಟಿಯಲ್ಲಿ ಹುಳುವಿನ ಮಾತು ಬಿಟ್ಟು ಆರ್‌ಒ ನೀರಿನ ಮಾತು ಸೇರುತ್ತದೆ. ಅಲ್ಲಿರುವುದು ಸಜ್ಜ ಹಾಕಿದ ದಕ್ಷಿಣದ ಬಾಲ್ಕನಿಯೊಂದೇ ಎಂದು ತಿಳಿದರೆ, ಮಲ್ಲಿಗೆ ಕೊಡುವುದನ್ನೇ ಬಿಟ್ಟು ಮನಿ ಪ್ಲಾಂಟ್ ಒಯ್ಯುವುದು ಒಳ್ಳೆಯದು.

ಬರೆಯಲು ಪೆನ್ಸಿಲ್ ಬಳಸಿ. ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ, ನೀರಿಗೆ ಹರಡುತ್ತದೆ. ಚೀಟಿಯನ್ನು ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕುಂಡದ ಕುತ್ತಿಗೆಗೆ ಕಟ್ಟಿ, ಕಾಂಡಕ್ಕೆ ಕಟ್ಟಬೇಡಿ. ಕಾಂಡ ದಪ್ಪವಾದಂತೆ ದಾರ ಒಳಗೆ ಹೂತು ಕೊಂಬೆ ಒಣಗುತ್ತದೆ.